ಮೂರನೆಯ ಪುಟಕ್ಕೆ ತಲೆಬರಹ ಇರಲಿಲ್ಲ

ನಮ್ಮ ಆಸ್ಪತ್ರೆಯ ಫಾರ್ಮಸಿಯಲ್ಲಿ ತುರ್ತು ಔಷಧಿಗಳ ಪಟ್ಟಿಯನ್ನು ವರ್ಡ್‌ನಲ್ಲಿ ಟೇಬಲ್ ಮಾಡಿ ಇಟ್ಟುಕೊಂಡಿದ್ದೇವೆ. ಐದು ಪುಟ, ನಾಲ್ಕು ಕಾಲಂ: ಔಷಧಿಯ ಹೆಸರು, ಇರಬೇಕಾದದ್ದು, ಈಗ ಇರುವುದು, ಅವಧಿ ಮುಗಿಯುವ ತಿಂಗಳು. ಈ ತಲೆಬರಹ ಮೊದಲ ಪುಟದಲ್ಲಿ ಮಾತ್ರ ಇತ್ತು. ಉಳಿದ ನಾಲ್ಕು ಪುಟಗಳಲ್ಲಿ ಬರೀ ಹೆಸರು, ಅಂಕಿ.

ಒಂದು ರಾತ್ರಿ ಪಾಳಿಯಲ್ಲಿ ಮೂರನೆಯ ಪುಟ ಒಂದೇ ಬಿಡಿಯಾಗಿ ಕೈಗೆ ಬಂತು. ನಾಲಾಕ್ಸೋನ್ ಎದುರು 10, ಪಕ್ಕದಲ್ಲಿ 2. ಮಾರ್ಫಿನ್‌ನಂಥ ಔಷಧಿ ಹೆಚ್ಚಾಗಿ ಉಸಿರು ನಿಧಾನವಾದಾಗ ಕೊಡುವ ಇಂಜೆಕ್ಷನ್ ಅದು. ಹಳೆಯ ಪಟ್ಟಿಯಲ್ಲಿ 'ಈಗ ಇರುವುದು' ಮೊದಲು ಬರುತ್ತಿತ್ತು. ನಮ್ಮ ಕಣ್ಣು ಅದಕ್ಕೇ ಒಗ್ಗಿತ್ತು. ಬೇಕಾದದ್ದು ಎರಡು, ಇರುವುದು ಹತ್ತು ಎಂದು ಓದಿಕೊಂಡು ನಾವು ತರಿಸಲೇ ಇಲ್ಲ. ಬೆಳಿಗ್ಗೆ ಪೆಟ್ಟಿಗೆ ತೆರೆದಾಗ ಇದ್ದದ್ದು ಎರಡೇ ಆಂಪೂಲ್. ಆ ರಾತ್ರಿ ಯಾರಿಗೂ ಅದು ಬೇಕಾಗಲಿಲ್ಲ, ಅಷ್ಟೇ.

ಮೊದಲು ಮಾಡಿದ ರಿಪೇರಿ ನೆನೆದರೆ ಈಗ ನಗು ಬರುತ್ತದೆ. ಪ್ರತಿ ಪುಟದ ಮೇಲೂ ತಲೆಬರಹವನ್ನು ಕಾಪಿ ಮಾಡಿ ಅಂಟಿಸಿದೆವು. ಮರುವಾರ ಮೊದಲ ಪುಟದಲ್ಲಿ ಎರಡು ಔಷಧಿ ಸೇರಿಸಿದ್ದೇ ತಡ, ಎಲ್ಲ ಸಾಲೂ ಕೆಳಗೆ ಸರಿದು, ಅಂಟಿಸಿದ ತಲೆಬರಹಗಳು ಪುಟದ ಮೇಲಂಚು ಬಿಟ್ಟು ಔಷಧಿಗಳ ನಡುವೆ ಬಂದು ಕೂತವು.

ಸರಿಯಾದ ದಾರಿ ವರ್ಡ್‌ನಲ್ಲೇ ಇದೆ. ಕೈಯಿಂದ ಅಂಟಿಸಿದ ಸಾಲುಗಳನ್ನು ಅಳಿಸಿ, ಟೇಬಲ್‌ನ ಮೊದಲ ಸಾಲನ್ನು ಆಯ್ದುಕೊಂಡು ರೈಟ್ ಕ್ಲಿಕ್ ಮಾಡಿ Table Properties ತೆರೆದೆವು. ಅದರ Row ಟ್ಯಾಬ್‌ನಲ್ಲಿ Repeat as header row at the top of each page ಎಂಬುದಕ್ಕೆ ಟಿಕ್ ಹಾಕಿದೆವು. ತಲೆಬರಹ ಎರಡು ಸಾಲಿನದಾದರೆ ಎರಡನ್ನೂ ಆಯ್ದುಕೊಳ್ಳಬೇಕು. ಮೊದಲ ಸಾಲನ್ನು ಬಿಟ್ಟು ನಡುವಿನದನ್ನು ಮಾತ್ರ ಆಯ್ದರೆ ನಡೆಯದು.

ಎರಡನೆಯ, ಮೂರನೆಯ ಪುಟಗಳಲ್ಲಿ ತಲೆಬರಹ ಬಂತು. ನಾಲ್ಕು, ಐದರಲ್ಲಿ ಬರಲಿಲ್ಲ! ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಕಾರಣ ಸಿಕ್ಕಿತು. ಮೂರನೆಯ ಪುಟದ ಕೊನೆಯಲ್ಲಿ ನಮ್ಮಲ್ಲೇ ಯಾರೋ Ctrl+Enter ಒತ್ತಿ ಪುಟ ಮುರಿದಿದ್ದರು. ಹಾಗೆ ಮಾಡಿದರೆ ಟೇಬಲ್ ಎರಡು ತುಂಡಾಗುತ್ತದೆ. ಎರಡನೆಯ ತುಂಡಿಗೆ ಮೊದಲನೆಯದರ ತಲೆಬರಹದ ಸಂಬಂಧವೇ ಇಲ್ಲ. ನಡುವೆ ಇದ್ದ ಆ ಪುಟಮುರಿತ ಮತ್ತು ಖಾಲಿ ಸಾಲನ್ನು ಅಳಿಸಿದ ಮೇಲೆ ತುಂಡುಗಳು ಕೂಡಿಕೊಂಡವು, ತಲೆಬರಹ ಐದನೆಯ ಪುಟದವರೆಗೂ ಇಳಿಯಿತು.

ಹೀಗೆ ಮರುಕಳಿಸಿದ ಸಾಲನ್ನು ಒಳಪುಟಗಳಲ್ಲಿ ತಿದ್ದಲು ಹೋದರೆ ಕರ್ಸರ್ ನಿಲ್ಲುವುದೇ ಇಲ್ಲ. ಮೊದಲ ಪುಟದಲ್ಲಿ ತಿದ್ದಿದರೆ ಎಲ್ಲೆಡೆ ತಾನೇ ಬದಲಾಗುತ್ತದೆ. ಅದೇ Row ಟ್ಯಾಬ್‌ನಲ್ಲಿ Allow row to break across pages ಎಂಬ ಟಿಕ್ ತೆಗೆದೆವು. ಇಲ್ಲವಾದರೆ ಉದ್ದದ ಸಾಲಿನ ಅರ್ಧ ಈ ಪುಟದಲ್ಲಿ, ಇನ್ನರ್ಧ ಮುಂದಿನ ಪುಟದಲ್ಲಿ ಬರುತ್ತಿತ್ತು.

ಈಗ ಪ್ರಿಂಟ್ ಕೊಡುವ ಮೊದಲು ಐದನೆಯ ಪುಟಕ್ಕೆ ಹೋಗಿ ಮೇಲಂಚನ್ನು ನೋಡುತ್ತೇವೆ. ಅಲ್ಲಿ 'ಇರಬೇಕಾದದ್ದು' ಕಾಣದಿದ್ದರೆ, ಯಾರೋ ಮತ್ತೆ Ctrl+Enter ಒತ್ತಿದ್ದಾರೆಯೇ ಎಂದು ಹುಡುಕಲು ಕೂರುತ್ತೇವೆ.