ಅವ್ವನ ಕರೆ ಬಾರದ ಎರಡು ದಿನ

ಥಾಣೆಯ ನಮ್ಮ ಮನೆಯೊಳಗೆ ಫೋನು 5ಜಿಯಿಂದ 4ಜಿಗೆ, ಮತ್ತೆ 5ಜಿಗೆ ಜಿಗಿಯುತ್ತಲೇ ಇರುತ್ತದೆ. ಪ್ರತಿ ಜಿಗಿತಕ್ಕೂ ಆಫೀಸಿನ ವಿಡಿಯೋ ಮೀಟಿಂಗ್ ತಡವರಿಸುತ್ತಿತ್ತು. ಬೇಸತ್ತು *#*#4636#*#* ಒತ್ತಿ, ತೆರೆದ ಪಟ್ಟಿಯಲ್ಲಿ LTE only ಆರಿಸಿದೆ. ಮೀಟಿಂಗ್ ಸರಾಗವಾಯಿತು.

ಮೂರನೇ ದಿನ ಊರಿಂದ ತಮ್ಮನ ವಾಟ್ಸ್ಆ್ಯಪ್: "ಅಣ್ಣಾ, ಫೋನ್ ಯಾಕ ಬಂದ್ ಐತಿ? ಅವ್ವ ಎರಡು ದಿನದಿಂದ ಹಚ್ಚಾಕತ್ತಾಳ. ಅಪ್ಪನ್ನ ದವಾಖಾನಿಗೆ ಸೇರ್ಸೇವಿ."

ನೆಟ್ ಇತ್ತು, ಕರೆ ಇರಲಿಲ್ಲ. 4ಜಿಯಲ್ಲೇ ಮಾತಾಡಲು VoLTE ಬೇಕು. ನನ್ನ ಸಿಮ್ಮಿಗೆ ಅದು ಆಫ್ ಆಗಿತ್ತು. ಅಲ್ಲಿಯವರೆಗೆ ಕರೆ ಬಂದಾಗಲೆಲ್ಲ ಫೋನು ಸದ್ದಿಲ್ಲದೆ 2ಜಿಗೆ ಇಳಿಯುತ್ತಿತ್ತು. ಆ ಮೆಟ್ಟಿಲನ್ನೇ ನಾನು ಕಿತ್ತಿದ್ದೆ.

ಈಗ ಮನೆಯಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ 5ಜಿ ಮಾತ್ರ ಬಿಟ್ಟು 4G/3G/2G (auto) ಇಡುತ್ತೇನೆ. ಜಿಗಿತ ನಿಲ್ಲುತ್ತದೆ, ಕೆಳಗಿನ ಮೆಟ್ಟಿಲೂ ಉಳಿಯುತ್ತದೆ. LTE only ಹಾಕಲೇಬೇಕೆಂದರೆ ಕೂಡಲೇ ಇನ್ನೊಂದು ಫೋನಿನಿಂದ ನಿಮ್ಮ ನಂಬರಿಗೆ ಕರೆ ಮಾಡಿ ನೋಡಿ. ರಿಂಗ್ ಆಗದಿದ್ದರೆ ಹಿಂದಿನದಕ್ಕೇ ಮರಳಿ. 2ಜಿ ಮಾತ್ರ ಸಿಗುವ ಊರಿಗೆ ಹೊರಟಾಗಲೂ ಅದನ್ನು ತೆಗೆಯಿರಿ. ಇಲ್ಲವಾದರೆ ಅಲ್ಲಿ ಸಿಗ್ನಲ್ಲೇ ಕಾಣದು.

ಅಪ್ಪ ಚೇತರಿಸಿಕೊಂಡರು. ಅವ್ವ ಮಾತ್ರ ಇಂದಿಗೂ, "ಫೋನ್ ಚಾಲೂ ಐತೇನಪಾ?" ಎಂದೇ ಮಾತು ಶುರು ಮಾಡುತ್ತಾಳೆ.