ಸೀರಮ್ಮಿಗೊಂದು ಮುಚ್ಚಳ

1934ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ದನದ ಕಣ್ಣುಗುಡ್ಡೆಯೊಳಗಿನ ಲೋಳೆಯಿಂದ ಹೈಲುರಾನಿಕ್ ಆ್ಯಸಿಡ್ಡನ್ನು ಬೇರ್ಪಡಿಸಿದರು. ಕಣ್ಣಿನೊಳಗಿರಲಿ, ಮೊಣಕಾಲಿನ ಕೀಲಿನಲ್ಲಿರಲಿ, ಅದು ಸುತ್ತಲೂ ಮುಚ್ಚಿದ ಜಾಗದಲ್ಲಿ ನೀರನ್ನು ಹಿಡಿದುಕೊಂಡು ಕೂತಿರುತ್ತದೆ. ನಾವು ಅದನ್ನು ಸೀಸೆಗೆ ತುಂಬಿ, ಗಾಳಿಗೆ ತೆರೆದ ಮುಖದ ಮೇಲೆ ಸವರಿ, ಅಲ್ಲೂ ಅದೇ ಕೆಲಸ ಮಾಡಲೆಂದು ಬಯಸುತ್ತೇವೆ. ತಕರಾರು ಇರುವುದು ಇಲ್ಲೇ. ತೂಕದ ಸಾವಿರ ಪಟ್ಟು ನೀರು ಹೀರುತ್ತದೆಂಬ ಜಾಹೀರಾತಿನ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಒಂದು ಗ್ರಾಂ ಪುಡಿ ಒಂದು ಲೀಟರ್ ನೀರನ್ನು ಲೋಳೆಯಾಗಿಸಬಲ್ಲದು, ನಿಜ. ಆದರೆ ಆ ಲೀಟರನ್ನು ನಾವೇ ಸುರಿಯಬೇಕು. ಒಣ ಗಾಳಿಯಿಂದ ಅದು ತನ್ನ ತೂಕದಷ್ಟು ನೀರನ್ನೂ ಎಳೆದುಕೊಳ್ಳಲಾರದು.

ಗಾಳಿ ಎಷ್ಟು ಒಣಗಬಲ್ಲದು ಎಂಬುದಕ್ಕೆ ಚಳಿಗಾಲದ ಶಿಕಾಗೊವನ್ನೇ ನೋಡಿ. ಹೊರಗೆ ಸೊನ್ನೆ ಡಿಗ್ರಿ, ತೇವಾಂಶ ಶೇ. 80 ಎಂದುಕೊಳ್ಳೋಣ. ಅದೇ ಗಾಳಿಯನ್ನು ಒಳತಂದು ಹೀಟರಿನಿಂದ 22 ಡಿಗ್ರಿಗೆ ಕಾಯಿಸಿದರೆ ತೇವಾಂಶ ಶೇ. 20ಕ್ಕಿಂತ ಕೆಳಗಿಳಿಯುತ್ತದೆ, ಅದರಲ್ಲಿರುವ ನೀರು ಅಷ್ಟೇ, ಹೀರುವ ಹಸಿವು ಮಾತ್ರ ಹೆಚ್ಚು. ಬಿಸಿಲುಗಾಲದ ರಾಯಚೂರಿನ ಮಧ್ಯಾಹ್ನವೂ ಇದಕ್ಕಿಂತ ಬಹಳ ದೂರವಿಲ್ಲ. ಅಂಥಲ್ಲಿ ಸೀರಮ್ ಹಚ್ಚಿದರೆ ಮೊದಲು ಹಾರುವುದು ಸೀರಮ್ಮಿನದೇ ನೀರು, ಏಕೆಂದರೆ ಅದರ ಬಹುಪಾಲು ನೀರೇ. ಉಳಿಯುವುದು ತೆಳ್ಳನೆಯ ಪೊರೆ. ಅದು ಒಣಗುತ್ತಾ ಕುಗ್ಗಿ ಚರ್ಮವನ್ನು ಸೆಳೆಯುತ್ತದೆ. ಸ್ವಲ್ಪ ಹೊತ್ತಿನಲ್ಲೇ ಕೆನ್ನೆ ಬಿಗಿಯಾಗುತ್ತದೆ, ಉಜ್ಜಿದರೆ ಪೊರೆ ಸಣ್ಣ ಸಣ್ಣ ಉಂಡೆಯಾಗಿ ಉದುರುತ್ತದೆ. ಬಿಗಿತ ಕಂಡು ಇನ್ನಷ್ಟು ಸೀರಮ್ ಹಚ್ಚುವವರು ಅದೇ ಪೊರೆಯನ್ನು ದಪ್ಪಗಾಗಿಸುತ್ತಾರೆ.

ಹಾಗಾದರೆ ಅದು ಚರ್ಮದೊಳಗಿನ ನೀರನ್ನೇ ಹೀರಿ ಹೊರಹಾಕುತ್ತದೆಯೇ? ಹಾಗೆಂದು ಹೆದರಿಸುವವರಿದ್ದಾರೆ. ನನಗದು ಅತಿಯೆನಿಸುತ್ತದೆ. ಚರ್ಮದಿಂದ ನೀರು ಹೇಗೂ ಸದಾ ಆವಿಯಾಗುತ್ತಲೇ ಇರುತ್ತದೆ. ಸೀರಮ್ ಒಂದೇ ಅದನ್ನು ತಡೆಯಲಾರದು ಎಂಬಷ್ಟು ಹೇಳಿದರೂ ದೂರು ಗಟ್ಟಿಯಾಗಿ ನಿಲ್ಲುತ್ತದೆ. ಮೇಲ್ಪದರದ ಮೇಣದಂಥ ಕೊಬ್ಬು ಈಗಾಗಲೇ ಸವೆದವರಿಗೆ ಇದು ಬೇಗ ಅನುಭವಕ್ಕೆ ಬರುತ್ತದೆ. ಮಲೆನಾಡಿನ ಅಡಿಕೆ ತೋಟದವರು ಗಿಡದ ಬುಡಕ್ಕೆ ನೀರುಣಿಸಿ ಸುಮ್ಮನಿರುವುದಿಲ್ಲ, ಮೇಲೆ ಸೊಪ್ಪು ಹಾಸುತ್ತಾರೆ. ಮುಖಕ್ಕೂ ಬೇಕಾದದ್ದು ಅದೇ: ತೊಳೆದು ಪೂರ್ತಿ ಒರೆಸದೆ, ಒದ್ದೆಯಿರುವಾಗಲೇ ಸೀರಮ್ ಸವರಿ, ಅದು ಒಣಗುವ ಮೊದಲೇ ಕ್ರೀಮು ಹಚ್ಚುವುದು, ತೀರಾ ಒಣಗಿದ ಜಾಗಕ್ಕೆ ಕಡಲೆಕಾಳಿನಷ್ಟು ಪೆಟ್ರೋಲಿಯಂ ಜೆಲ್ಲಿ. ಮೊಡವೆಯ ಎಣ್ಣೆಮುಖಕ್ಕೆ ಜಿಡ್ಡು ಬೇಡವೆನ್ನುವವರ ಆಕ್ಷೇಪ ಸರಿಯೇ. ಅವರಿಗೆ ಹಗುರ ಲೋಷನ್ ಸಾಕು. ಮಳೆಗಾಲದ ಮಂಗಳೂರಿನಲ್ಲಿ ಅದೂ ಬೇಕಾಗದಿರಬಹುದು. ಆದರೆ ಹೀಟರು ಉರಿಯುವ ಮನೆಯಲ್ಲಿ ಎರಡರಲ್ಲಿ ಒಂದನ್ನೇ ಕೊಳ್ಳಲು ದುಡ್ಡಿದ್ದರೆ, ಸೀರಮ್ ಬಿಟ್ಟು ಕ್ರೀಮು ಕೊಳ್ಳಿ.