ವೃತ್ತ ದಾಟಿದವರು, ದಾಟಲಾಗದವರು

ಊರಿನ ನಡುವೆ ಯಾರಿರ್ತಾರೆ, ಅಂಚಿನಲ್ಲಿ ಯಾರಿರ್ತಾರೆ? ನಮ್ಮ ದೇವನೂರಿನಲ್ಲಿ ಯಾರನ್ನು ಕೇಳಿದರೂ ಉತ್ತರ ಹೇಳೋಕೆ ಅರ್ಧ ನಿಮಿಷ ಸಾಕು. ಕಡೂರು ತಾಲ್ಲೂಕಿನ ದೇವನೂರು ಅಂದರೆ ಜೈಮಿನಿ ಭಾರತದ ಲಕ್ಷ್ಮೀಶ ಕವಿಯ ಊರೆಂದು ಹೆಸರಾದದ್ದು, ಲಕ್ಷ್ಮೀಕಾಂತಸ್ವಾಮಿಯ ದೇವಸ್ಥಾನ ಇರುವಂಥದ್ದು. ನಮ್ಮ ಬಯಲುಸೀಮೆಯ ಹಳ್ಳಿಗಳ ಲೆಕ್ಕ ಹೆಚ್ಚುಕಡಿಮೆ ಒಂದೇ. ದೇವಸ್ಥಾನದ ಆಸುಪಾಸಿನಲ್ಲಿ ಅನುಕೂಲಸ್ಥರು, ಆಮೇಲೆ ಒಕ್ಕಲು ಮಕ್ಕಳು, ಕಸುಬಿನವರು, ಎಲ್ಲರನ್ನೂ ದಾಟಿ ಊರಾಚೆ ಕೇರಿ.

ನೂರು ವರ್ಷದ ಹಿಂದೆ, 1925ರಲ್ಲಿ, ಅಮೆರಿಕದ ಷಿಕಾಗೊ ನಗರದಲ್ಲಿ ಅರ್ನೆಸ್ಟ್ ಬರ್ಜೆಸ್ ಎಂಬ ಸಮಾಜಶಾಸ್ತ್ರಜ್ಞ ಬರೆದ ನಕ್ಷೆ ಇದಕ್ಕೆ ಪೂರ್ತಿ ಉಲ್ಟಾ. ಕೆರೆಗೆ ಕಲ್ಲು ಎಸೆದಾಗ ಏಳುವ ಅಲೆಗಳ ಹಾಗೆ ಒಂದರ ಸುತ್ತ ಒಂದು ಐದು ವೃತ್ತ. ನಡುವೆ ಅಂಗಡಿ, ಬ್ಯಾಂಕು, ಕಚೇರಿ. ಎರಡನೆಯದರಲ್ಲಿ ಹಳೇ ಮನೆಗಳು, ಸಣ್ಣಪುಟ್ಟ ಕಾರ್ಖಾನೆ, ಹೊಸದಾಗಿ ವಲಸೆ ಬಂದ ಬಡವರು. ಮೂರನೆಯದರಲ್ಲಿ ಕಾರ್ಮಿಕರ ಮನೆಗಳು, ನಾಲ್ಕನೆಯದರಲ್ಲಿ ಮಧ್ಯಮ ವರ್ಗ, ಐದನೆಯದರಲ್ಲಿ ದಿನಾ ರೈಲಿನಲ್ಲಿ ಓಡಾಡುವಷ್ಟು ದುಡ್ಡಿದ್ದವರು. ಅಂದರೆ ಬಡವರು ಊರೊಳಗೆ, ಉಳ್ಳವರು ಊರಾಚೆ!

ಹೀಗ್ಯಾಕೆ? 1890ರಲ್ಲಿ ಸುಮಾರು 11 ಲಕ್ಷ ಜನರಿದ್ದ ಷಿಕಾಗೊ 1920ರ ಹೊತ್ತಿಗೆ 27 ಲಕ್ಷಕ್ಕೆ ಬೆಳೆದಿತ್ತು. ಪೇಟೆ ಇನ್ನೂ ಹಿಗ್ಗುತ್ತೆ, ನಾಳೆ ನಮ್ಮ ಜಾಗಕ್ಕೆ ಚಿನ್ನದ ಬೆಲೆ ಬರುತ್ತೆ ಅಂತ ಎರಡನೇ ವೃತ್ತದ ಮನೆ ಮಾಲೀಕರು ಕಾಯ್ತಾ ಕೂತರು. ನಾಳೆ ಕೆಡವೋ ಮನೆಗೆ ಇವತ್ತು ಸುಣ್ಣ ಬಳಿಯೋರು ಯಾರು? ರಿಪೇರಿ ನಿಂತಿತು, ಮನೆಗಳನ್ನು ಕೋಣೆ ಕೋಣೆಯಾಗಿ ಒಡೆದು ಬಾಡಿಗೆಗೆ ಕೊಟ್ಟರು. ಊರು ಬಿಟ್ಟು ಬಂದವನಿಗೂ ಅದೇ ಬೇಕಿತ್ತು: ಕೆಲಸಕ್ಕೆ ನಡೆದು ಹೋಗುವಷ್ಟು ಹತ್ತಿರ, ಜೇಬಿಗೆ ಆಗುವಷ್ಟು ಬಾಡಿಗೆ. ಅವನ ಕೈಯಲ್ಲಿ ನಾಲ್ಕು ಕಾಸು ಆದಾಗ ಮುಂದಿನ ವೃತ್ತಕ್ಕೆ ಹೋಗ್ತಾನೆ, ಅವನು ಬಿಟ್ಟ ಕೋಣೆಗೆ ಹಿಂದಿನ ರೈಲಿನಲ್ಲಿ ಬಂದವನು ಸೇರ್ತಾನೆ. ಇಡೀ ಊರು ಹೀಗೆ ಹೊರಕ್ಕೆ ತಳ್ಳಿಕೊಂಡು ಬೆಳೆಯುತ್ತೆ ಅನ್ನೋದು ಬರ್ಜೆಸ್ ಮಾತಿನ ಸಾರ.

ನಮ್ಮ ಮನೆ ಕಥೆಯೂ ಇದೇ. ನಮ್ಮಪ್ಪ 1974ರಲ್ಲಿ ಕಡೂರಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಬಂದವರು. ಮೊದಲು ಕಾಟನ್‌ಪೇಟೆಯ ಒಂದು ವಠಾರ. ಎಂಟು ಮನೆಗೆ ಒಂದು ನಲ್ಲಿ, ಎರಡು ಪಾಯಿಖಾನೆ. ಕೆಲಸ ಅಲ್ಲೇ ಪೇಟೆಯ ಅಂಗಡಿಯಲ್ಲಿ, ಬಸ್ಸಿನ ಖರ್ಚಿಲ್ಲ. ಏಳೆಂಟು ವರ್ಷದ ಮೇಲೆ ರಾಜಾಜಿನಗರದಲ್ಲಿ ಎರಡು ಕೋಣೆ ಮನೆ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಕಾರ್ಖಾನೆ ಕೆಲಸಗಾರರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಬಡಾವಣೆ ಅದು, ಬರ್ಜೆಸ್‌ನ ಮೂರನೇ ವೃತ್ತಕ್ಕೆ ಸರಿಯಾಗಿ ಕೂರುತ್ತೆ. ಈಗ ಕೆಂಗೇರಿ ಕಡೆ ಸ್ವಂತ ಸೈಟು, ಸ್ವಂತ ಮನೆ. ಮೂವತ್ತು ವರ್ಷದಲ್ಲಿ ಮೂರು ವೃತ್ತ.

ಬೆಂಗಳೂರು ಷಿಕಾಗೊದಷ್ಟು ಗುಂಡಗಿಲ್ಲ, ನಿಜ. ಇಲ್ಲಿ ಕೆಂಪೇಗೌಡರ ಪೇಟೆ ಒಂದು ನಡು, 1809ರಿಂದ ಬೆಳೆದ ಬ್ರಿಟಿಷರ ದಂಡು ಇನ್ನೊಂದು ನಡು. ಎರಡಕ್ಕೂ ಒಂದೇ ಆಡಳಿತ ಬಂದದ್ದು 1949ರಲ್ಲಿ. 1898ರ ಪ್ಲೇಗು ಬಂದಾಗ ಇಕ್ಕಟ್ಟಿನ ಪೇಟೆ ಬಿಟ್ಟು ಬಸವನಗುಡಿ, ಮಲ್ಲೇಶ್ವರಕ್ಕೆ ಹೋದವರು ಹೋಗುವ ಶಕ್ತಿ ಇದ್ದವರು. ಅಲ್ಲಿಗೆ ಬರ್ಜೆಸ್ ಸರಿ. ಆದರೆ ಈಗ ವೈಟ್‌ಫೀಲ್ಡ್, ಸರ್ಜಾಪುರ ರಸ್ತೆ ಕಡೆ ಹೋಗಿ ನೋಡಿ. ಕಾಂಪೌಂಡಿನ ಒಳಗೆ ಇಪ್ಪತ್ತು ಮಹಡಿ, ಗೋಡೆಯ ಆಚೆ ಅದನ್ನು ಕಟ್ಟಿದವರ ತಗಡಿನ ಶೆಡ್ಡು. ಒಂದೇ ವೃತ್ತದಲ್ಲಿ ಎರಡು ತುದಿ.

ಇಷ್ಟೇ ಆಗಿದ್ದರೆ ನಾನು ಬರೀತಿರಲಿಲ್ಲ. ಅಪ್ಪನ ಜೊತೆ ಅದೇ ರೈಲಿನಲ್ಲಿ ನಮ್ಮೂರ ಕೇರಿಯ ಗೆಳೆಯರೊಬ್ಬರು ಬಂದರು. ನಾವು ಮಕ್ಕಳು ಅವರನ್ನು ದೊಡ್ಡಪ್ಪ ಅಂತಲೇ ಕರೀತಿದ್ದೆವು. ಇಬ್ಬರಿಗೂ ಸುಮಾರು ಒಂದೇ ಸಂಬಳ. ಅಪ್ಪನಿಗೆ ಸಿಕ್ಕ ವಠಾರದಲ್ಲೇ ಪಕ್ಕದ ಕೋಣೆ ಖಾಲಿ ಇತ್ತು. ಮಾಲೀಕರು ಅವರನ್ನು ಕೇಳಿದ್ದು ಒಂದೇ ಪ್ರಶ್ನೆ: "ನೀವು ಯಾವ ಜನ?" ಉತ್ತರ ಕೇಳಿದ ಮೇಲೆ, "ಮೊನ್ನೇನೇ ಯಾರೋ ಅಡ್ವಾನ್ಸ್ ಕೊಟ್ಟೋಗಿದಾರೆ ಕಣಪ್ಪ" ಅಂದರಂತೆ. ಆ ಕೋಣೆಗೆ ಎರಡು ತಿಂಗಳು ಬೀಗ ಹಾಕಿಯೇ ಇತ್ತು. ದೊಡ್ಡಪ್ಪ ರೈಲ್ವೆ ಹಳಿ ಪಕ್ಕದ ಗುಡಿಸಲಿಗೆ ಹೋದರು, ಅಲ್ಲಿಂದ ಬಹಳ ವರ್ಷದ ಮೇಲೆ ಸರ್ಕಾರ ಕಟ್ಟಿಸಿದ ಒಂದು ಕೋಣೆ ಮನೆಗೆ. ಕನ್ನಡದಲ್ಲಿ ಸ್ಲಮ್ಮಿಗೆ ಕೊಳೆಗೇರಿ ಅಂತೀವಿ. ಊರಾಚೆಯ ಕೇರಿ ಆ ಮಾತಿನೊಳಗೇ ಕೂತು ನಗರಕ್ಕೆ ಬಂದಿದೆ.

ಅವರ ಮಗ ಈಗ ಬ್ಯಾಂಕಿನಲ್ಲಿದ್ದಾನೆ. ನನಗಿಂತ ಒಂದು ಕೈ ಹೆಚ್ಚೇ ಸಂಬಳ. ಹೋದ ವರ್ಷ ಬಾಡಿಗೆ ಮನೆ ಹುಡುಕುವಾಗ ಮನೆ ತೋರಿಸಿದ ಬ್ರೋಕರ್ "ಸರ್, ನೀವು ವೆಜ್ಜಾ?" ಅಂತ ಕೇಳಿದ. "ಯಾವ ಜನ" ಅನ್ನೋ ಹಳೇ ಪ್ರಶ್ನೆಗೆ ಹೊಸ ಅಂಗಿ, ಅಷ್ಟೆ.

ಬರ್ಜೆಸ್‌ನ ನಕ್ಷೆಯಲ್ಲೇ ಇದರ ಸುಳಿವಿದೆ. ಆ ಗುಂಡಗಿನ ವೃತ್ತಗಳನ್ನು ಅಡ್ಡಲಾಗಿ ಸೀಳಿಕೊಂಡು ಒಂದು ಉದ್ದನೆ ಪಟ್ಟಿ ಹಾದು ಹೋಗುತ್ತೆ. ಅದು ಕಪ್ಪುಜನರ ವಸತಿ, 'ಬ್ಲ್ಯಾಕ್ ಬೆಲ್ಟ್'. ಇಟಲಿಯಿಂದ, ಪೋಲೆಂಡಿನಿಂದ ಬಂದವರು ದುಡ್ಡಾದಂತೆ ವೃತ್ತ ದಾಟಿದರು. ಕಪ್ಪುಜನರಿಗೆ ದುಡ್ಡಾದರೂ ಆ ಪಟ್ಟಿಯೊಳಗೇ ಉದ್ದಕ್ಕೆ ಸರಿಯಬೇಕಿತ್ತೇ ಹೊರತು ಅಗಲಕ್ಕಲ್ಲ. ಯಾಕಂದರೆ ಬಿಳಿಯರ ಬೀದಿಗಳಲ್ಲಿ ಕಪ್ಪುಜನರಿಗೆ ಮನೆ ಮಾರುವುದಿಲ್ಲ, ಬಾಡಿಗೆಗೂ ಕೊಡುವುದಿಲ್ಲ ಅಂತ ಕ್ರಯಪತ್ರದಲ್ಲೇ ಬರೆಸುತ್ತಿದ್ದರು. ಅಂಥ ಷರತ್ತನ್ನು ಕೋರ್ಟುಗಳು ಜಾರಿ ಮಾಡುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟು ಹೇಳಿದ್ದು 1948ರಲ್ಲಿ. ನಮ್ಮಲ್ಲಿ ಮಾಲೀಕರು ಏನನ್ನೂ ಬರೆಯೋದಿಲ್ಲ, ಬಾಯಿಮಾತಿನಲ್ಲೇ ಮುಗಿಸ್ತಾರೆ. ಹಾಗಾಗಿ ರದ್ದು ಮಾಡೋಕೂ ಕಾಗದ ಸಿಗೋದಿಲ್ಲ.

ಇದು ನಮ್ಮೆರಡು ಮನೆಗಳ ಕಥೆ ಮಾತ್ರವಲ್ಲ. ಯಾರು ಎಷ್ಟು ಬೇರೆಯಾಗಿದ್ದಾರೆ ಅಂತ ಅಳೆಯೋಕೆ ಸಮಾಜಶಾಸ್ತ್ರದಲ್ಲಿ ಒಂದು ಸರಳ ಲೆಕ್ಕ ಇದೆ. ಎಲ್ಲ ವಾರ್ಡುಗಳಲ್ಲೂ ಎರಡು ಗುಂಪು ಒಂದೇ ಪ್ರಮಾಣದಲ್ಲಿ ಹಂಚಿಹೋಗಬೇಕಾದರೆ, ಒಂದು ಗುಂಪಿನ ನೂರರಲ್ಲಿ ಎಷ್ಟು ಜನ ಮನೆ ಬದಲಿಸಬೇಕು? ಎಲ್ಲರೂ ಆಗಲೇ ಬೆರೆತಿದ್ದರೆ ಸೊನ್ನೆ, ಪೂರ್ತಿ ಬೇರೆಯಾಗಿದ್ದರೆ ನೂರು. 2001ರ ಜನಗಣತಿ ಇಟ್ಟುಕೊಂಡು ಬೆಂಗಳೂರೂ ಸೇರಿ ದೇಶದ ಏಳು ಮಹಾನಗರಗಳಲ್ಲಿ ಸಂಶೋಧಕರು ಹೀಗೆ ಲೆಕ್ಕ ಹಾಕಿದಾಗ, ನಗರ ಜನರನ್ನು ಬೇರ್ಪಡಿಸುವುದು ಆರ್ಥಿಕ ಸ್ಥಿತಿಗಿಂತ ಹೆಚ್ಚಾಗಿ ಜಾತಿಯ ಮೇಲೆ ಅಂತ ಕಂಡಿತು. ಆದರೆ ವಾರ್ಡು ಬಹಳ ದೊಡ್ಡದು. ಒಂದೇ ವಾರ್ಡಿನಲ್ಲಿ ನಾಲ್ಕು ಒಳ್ಳೇ ಬೀದಿ, ಒಂದು ಕೊಳೆಗೇರಿ ಇದ್ದರೆ ಲೆಕ್ಕದಲ್ಲಿ ಅದು ಬೆರೆತ ವಾರ್ಡು ಅಂತಲೇ ಕಾಣುತ್ತೆ. ಬೀದಿ ಬೀದಿಗೆ ಇಳಿದು ಎಣಿಸಿದರೆ ಅಂತರ ಇನ್ನೂ ಹೆಚ್ಚು ಕಾಣಬಹುದೇ ಹೊರತು ಕಡಿಮೆಯಲ್ಲ.

ದುಡ್ಡಿನಿಂದಾದ ಅಂಚಿಗೂ ಹುಟ್ಟಿನಿಂದಾದ ಅಂಚಿಗೂ ಇರುವ ವ್ಯತ್ಯಾಸವನ್ನು ನಿಮ್ಮ ಬೀದಿಯಲ್ಲೇ ಪರೀಕ್ಷೆ ಮಾಡಬಹುದು. ಒಂದೇ ಸಂಬಳದ ಇಬ್ಬರು 'ಮನೆ ಬಾಡಿಗೆಗಿದೆ' ಬೋರ್ಡು ನೋಡಿ ಬಂದಾಗ ಇಬ್ಬರಿಗೂ ಬೀಗದ ಕೈ ಸಿಕ್ಕರೆ ಅದು ಬರ್ಜೆಸ್‌ನ ವೃತ್ತ, ದುಡಿದರೆ ದಾಟಬಹುದು. ಒಬ್ಬರಿಗೆ ಮಾತ್ರ ಸಿಕ್ಕರೆ ಅದು ನಮ್ಮ ಹಳ್ಳಿಯ ಗೆರೆ. ನಮ್ಮ ಮನೆಯ ಮೇಲ್ಮಹಡಿ ಮುಂದಿನ ತಿಂಗಳು ಖಾಲಿಯಾಗ್ತಿದೆ. "ಯಾರು, ಏನು ಅಂತ ವಿಚಾರಿಸಿಯೇ ಕೊಡಿ" ಅಂತ ಎದುರುಮನೆಯವರು ಈಗಾಗಲೇ ಎರಡು ಸಲ ಹೇಳಿಹೋಗಿದ್ದಾರೆ. ಬಾಡಿಗೆ ತಿಂಗಳು ತಿಂಗಳು ಸರಿಯಾಗಿ ಕೊಡ್ತೀರಾ ಅನ್ನೋದೊಂದನ್ನು ಬಿಟ್ಟು ಬೇರೇನೂ ವಿಚಾರಿಸೋದಿಲ್ಲ ಅಂತ ನಾನೂ ನನ್ನ ಹೆಂಡತಿಯೂ ಅವರಿಗೆ ಹೇಳಿಯಾಗಿದೆ.